ಮಂಗಳವಾರ ಮಧ್ಯಾಹ್ನ ಮೂರೂವರೆ

ಚೇತನ ಎಂಬ ಹೆಸರು ನಾನಿಟ್ಟದ್ದು. ಬೆಳ್ಳಂದೂರಿನ ಪಿ.ಜಿ.ಯಲ್ಲಿರುವ, ಹಾಸನದ ಕಡೆಯ, ಇಪ್ಪತ್ತಾರರ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಕಲ್ಪಿಸಿಕೊಂಡು ಈ ಕಥೆ ಹೇಳುತ್ತಿದ್ದೇನೆ. ಇಲ್ಲಿನ ಬೆಲೆಗಳನ್ನೂ ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ಆದರೆ ಅವನಂಥವರು ಎಷ್ಟಿದ್ದಾರೆ ಎನ್ನುವುದಕ್ಕೆ ಕಲ್ಪನೆ ಬೇಕಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2023-24ರಲ್ಲಿ ಹೀಗೆ ವಹಿವಾಟು ಮಾಡಿದವರಲ್ಲಿ 100ಕ್ಕೆ 43 ಮಂದಿ ಮೂವತ್ತರೊಳಗಿನವರು.

ಚೇತನ ಇದಕ್ಕೆ ಬಿದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳಿಂದ ನಿಫ್ಟಿ ಆಪ್ಷನ್‌ಗಳ ವಾರದ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂದಿತ್ತು, ಸೆನ್ಸೆಕ್ಸ್‌ನದು ಗುರುವಾರಕ್ಕೆ ಹೋಗಿತ್ತು. ಎಕ್ಸ್‌ಪೈರಿ ಎಂದರೆ ಆಪ್ಷನ್‌ನ ಆಯುಷ್ಯ ಮುಗಿಯುವ ದಿನ. ಅವತ್ತು ಮಧ್ಯಾಹ್ನ ಒಂದೂವರೆಯ ನಂತರ ಐದಾರು ರೂಪಾಯಿಗೆ ಇಳಿದ ಆಪ್ಷನ್ ಕೊಂಡು, ಅದು ಐವತ್ತಾಗಲಿ ಎಂದು ಕಾಯುವ ಆಟಕ್ಕೆ ಹುಡುಗರು ‘ಹೀರೋ-ಜೀರೋ’ ಎನ್ನುತ್ತಾರೆ. ಚೇತನ ಮೊದಲ ಸಲ ಎರಡು ಲಾಟ್ ಕೊಂಡ. ಆಗ ನಿಫ್ಟಿಯ ಒಂದು ಲಾಟ್ ಎಂದರೆ 75 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ 900 ರೂಪಾಯಿ ಹಾಕಿದ. ಇಪ್ಪತ್ತು ನಿಮಿಷದಲ್ಲಿ ಬೆಲೆ 48 ಆಯಿತು. ಮಾರಿದಾಗ ಕೈಗೆ ಬಂದದ್ದು 7,200. ಮೊದಲ ದಿನವೇ ಸೋತಿದ್ದರೆ ಅವನು ಬಹುಶಃ ಅಲ್ಲಿಗೇ ಬಿಡುತ್ತಿದ್ದ.

ಅವನು ಕೊಂಡದ್ದೇನು ಎಂಬುದನ್ನು ಸ್ವಲ್ಪ ನೋಡೋಣ. ನಿಫ್ಟಿ 25,000ದಲ್ಲಿದೆ ಎಂದಿಟ್ಟುಕೊಳ್ಳಿ. ‘25,100ರ ಕಾಲ್’ ಕೊಂಡವನಿಗೆ, ಎಕ್ಸ್‌ಪೈರಿಯ ದಿನ ನಿಫ್ಟಿ 25,100ಕ್ಕಿಂತ ಎಷ್ಟು ಮೇಲೆ ಮುಗಿಯುತ್ತದೋ ಅಷ್ಟು ರೂಪಾಯಿ ಯೂನಿಟ್ ಒಂದಕ್ಕೆ ಸಿಗುತ್ತದೆ. 25,150ಕ್ಕೆ ಮುಗಿದರೆ 50 ರೂಪಾಯಿ. 25,100 ಅಥವಾ ಅದಕ್ಕಿಂತ ಕೆಳಗೆ ಮುಗಿದರೆ ಏನೂ ಇಲ್ಲ. ಇಳಿಯುತ್ತದೆ ಎನ್ನುವವರಿಗೆ ಇದರ ತಿರುವುಮುರುವಾದ ‘ಪುಟ್’ ಇದೆ. ಈ ಹಕ್ಕಿಗೆ ಕೊಡುವ ಬೆಲೆಯೇ ಪ್ರೀಮಿಯಂ. ಸೂಚ್ಯಂಕ ಇನ್ನೂ 25,100 ಮುಟ್ಟಿಲ್ಲದಾಗ ಈ ಕಾಲ್‌ನ ಪ್ರೀಮಿಯಂನಲ್ಲಿ ಗಟ್ಟಿ ಮೌಲ್ಯ ಒಂದು ಪೈಸೆಯೂ ಇರುವುದಿಲ್ಲ. ‘ಇನ್ನೂ ಸಮಯವಿದೆ, ಮುಟ್ಟಬಹುದು’ ಎಂಬ ಸಾಧ್ಯತೆಗೇ ಅಷ್ಟೂ ದುಡ್ಡು. ಮಂಗಳವಾರ ಮೂರೂವರೆಗೆ ಆ ಸಮಯ ಮುಗಿಯುತ್ತದೆ.

ಅಕ್ಟೋಬರ್‌ನ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಚೇತನ ಇದೇ 25,100ರ ಕಾಲ್ ಅನ್ನು 28 ರೂಪಾಯಿಯಂತೆ ಹತ್ತು ಲಾಟ್ ಕೊಂಡ. 21,000 ರೂಪಾಯಿ. ಪೇಟೆ ಏರುತ್ತದೆ ಎಂಬುದು ಅವನ ಅಂದಾಜು, ಆ ಅಂದಾಜು ನಿಜವೂ ಆಯಿತು. ಒಂದು ಗಂಟೆಯ ಹೊತ್ತಿಗೆ ನಿಫ್ಟಿ 40 ಅಂಶ ಏರಿ 25,040ಕ್ಕೆ ಬಂದಿತ್ತು. ಆಪ್ ತೆರೆದು ನೋಡಿದರೆ ಪ್ರೀಮಿಯಂ 28ರಿಂದ 20ಕ್ಕೆ ಇಳಿದಿತ್ತು.

ಇಲ್ಲಿ ಅವನಿಗೆ ಗೊಂದಲವಾಯಿತು, ಬಹಳ ಜನರಿಗೆ ಗೊಂದಲವಾಗುವುದೂ ಇಲ್ಲೇ. ಏರುತ್ತದೆ ಎಂದು ಕೊಂಡೆ, ಏರಿದೆ, ಆದರೂ ನಷ್ಟ. ಲೆಕ್ಕ ಹೀಗಿದೆ. ಪೇಟೆ ಸಾಧಾರಣ ಶಾಂತವಾಗಿರುವ ದಿನ, ಅಂದರೆ ಏರಿಳಿತದ ಅಳತೆಯಾದ ಇಂಡಿಯಾ ವಿಕ್ಸ್ 11ರ ಆಸುಪಾಸಿನಲ್ಲಿದ್ದಾಗ, ನಿಫ್ಟಿ ಇಡೀ ದಿನದಲ್ಲಿ 170 ಅಂಶದಷ್ಟು ಆಚೀಚೆಯಾಗುವುದು ಸಹಜ ಎಂದು ಪೇಟೆ ಎಣಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೆಚ್ಚುಕಡಿಮೆ ಆ ಇಡೀ ದಿನ ಮುಂದಿರುತ್ತದೆ, ಆದ್ದರಿಂದ ನೂರು ಅಂಶ ದೂರದ ಕಾಲ್‌ಗೆ 28 ರೂಪಾಯಿ ಬೆಲೆ. ಒಂದು ಗಂಟೆಗೆ ಉಳಿದಿರುವುದು ಎರಡೂವರೆ ಗಂಟೆ. ಅಷ್ಟರಲ್ಲಿ ಎಣಿಸಬಹುದಾದ ಚಲನೆ 110 ಅಂಶ. ಸೂಚ್ಯಂಕ ಕದಲದೆ 25,000ದಲ್ಲೇ ನಿಂತಿದ್ದರೆ 28 ರೂಪಾಯಿಯ ಆಪ್ಷನ್ ಒಂದು ಗಂಟೆಗೆ ಹತ್ತು-ಹನ್ನೊಂದಕ್ಕೂ, ಎರಡೂವರೆಗೆ ಎರಡು ರೂಪಾಯಿಗೂ ಬರುತ್ತಿತ್ತು. ಚೇತನನ 40 ಅಂಶದ ಏರಿಕೆ ಅದನ್ನು ಹತ್ತರಿಂದ ಇಪ್ಪತ್ತಕ್ಕೆ ಎತ್ತಿತ್ತು, 28ಕ್ಕೆ ಮರಳಿಸಲಿಕ್ಕೆ ಸಾಲಲಿಲ್ಲ. ಎಕ್ಸ್‌ಪೈರಿಯ ದಿನ ಕೊಳ್ಳುವವನ ಅಂದಾಜು ಮೂರು ವಿಷಯಗಳಲ್ಲಿ ಒಟ್ಟಿಗೆ ಸರಿಯಾಗಬೇಕು: ಯಾವ ಕಡೆಗೆ, ಎಷ್ಟು ದೂರ, ಎಷ್ಟು ಹೊತ್ತಿನೊಳಗೆ. ಚೇತನ ಮೊದಲನೆಯದನ್ನಷ್ಟೇ ಯೋಚಿಸಿದ್ದ.

ಇಪ್ಪತ್ತಕ್ಕೆ ಅವನು ಇನ್ನೂ ಹತ್ತು ಲಾಟ್ ಕೊಂಡ. 15,000. ಇದಕ್ಕೆ ‘ಆವರೇಜ್’ ಮಾಡುವುದು ಎನ್ನುತ್ತಾರೆ, ಸರಾಸರಿ ಬೆಲೆ ತಗ್ಗಿತೆಂಬ ಸಮಾಧಾನ ಅದರಲ್ಲಿ. ಒಳ್ಳೆಯ ಕಂಪನಿಯ ಷೇರಾದರೆ ಮುಂದಿನ ವರ್ಷಕ್ಕಾದರೂ ಕಾಯಬಹುದು. ಎರಡೂವರೆ ಗಂಟೆಯಲ್ಲಿ ಸಾಯುವ ವಸ್ತುವಿಗೆ ಆವರೇಜ್ ಮಾಡುವುದೆಂದರೆ ಕರಗುವುದನ್ನೇ ಹೆಚ್ಚು ಕೊಂಡಂತೆ. ಎರಡೂವರೆಗೆ ನಿಫ್ಟಿ 25,060, ಪ್ರೀಮಿಯಂ 12. ಅವನು ಇಪ್ಪತ್ತು ಲಾಟ್ ಕೊಂಡ, 18,000. ಆ ಹೊತ್ತಿಗೆ ತಂಡದ ಮೀಟಿಂಗ್ ನಡೆಯುತ್ತಿತ್ತು, ಫೋನ್ ಮೇಜಿನ ಕೆಳಗಿತ್ತು. ಒಟ್ಟು 54,000 ರೂಪಾಯಿ, 3,000 ಯೂನಿಟ್.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಪೇಟೆ ಜಿಗಿಯಿತು. ನಿಫ್ಟಿ 25,120. ಅವನ ಗೆರೆಗಿಂತ 20 ಅಂಶ ಮೇಲೆ. ಪ್ರೀಮಿಯಂ ಮಾತ್ರ ಎರಡು-ಮೂರು ರೂಪಾಯಿಯಲ್ಲೇ ಆಡುತ್ತಿತ್ತು. ಆಪ್ ಕೆಟ್ಟಿದೆ ಎಂದುಕೊಂಡ ಚೇತನ ಮಾರಲಿಲ್ಲ. ಆಪ್ ಸರಿಯಾಗಿಯೇ ಇತ್ತು. ನಿಫ್ಟಿಯ ಆಪ್ಷನ್‌ಗಳ ಲೆಕ್ಕ ಚುಕ್ತಾ ಆಗುವುದು ಕೊನೆಯ ಕ್ಷಣದ ಅಂಕಿಯ ಮೇಲಲ್ಲ. ಸೂಚ್ಯಂಕದ ಮುಕ್ತಾಯದ ಬೆಲೆಯನ್ನು ಅದರೊಳಗಿನ ಷೇರುಗಳ ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಿಂದ ತೆಗೆಯುತ್ತಾರೆ. ಮೂರರಿಂದ ಮೂರೂ ಇಪ್ಪತ್ತರವರೆಗೆ ಸೂಚ್ಯಂಕ 25,078ರ ಸುತ್ತ ಇತ್ತು. ಕೊನೆಯ ಹತ್ತು ನಿಮಿಷ 25,115ರ ಸುತ್ತ. ಎಲ್ಲ ಸೇರಿ ಸರಾಸರಿ 25,090. ಆಪ್ಷನ್ ಸೊನ್ನೆಗೆ ಮುಗಿಯಿತು. ಕೊನೆಯ ಜಿಗಿತದಲ್ಲಿ ಮೂರು ರೂಪಾಯಿಗೆ ಮಾರಿದ್ದರೆ 9,000 ಆದರೂ ಉಳಿಯುತ್ತಿತ್ತು.

ಗುರುವಾರ ಸೆನ್ಸೆಕ್ಸ್‌ನಲ್ಲಿ ‘ವಾಪಸ್ ತೆಗೆಯಲು’ ಹೋದ. ಆಮೇಲಿನ ವಾರಗಳೂ ಹಾಗೇ.

ಡಿಸೆಂಬರ್ ಕೊನೆಯಲ್ಲಿ ಚೇತನ ಹಾಸನದಲ್ಲಿರುವ ಅಕ್ಕನಿಗೆ ಫೋನ್ ಮಾಡಿದ. ಅವಳು ಚಾರ್ಟರ್ಡ್ ಅಕೌಂಟೆಂಟ್. ನಷ್ಟದ ವಿಷಯ ಹೇಳಬೇಕೆಂದು ಮಾಡಿದ ಫೋನ್ ಅಲ್ಲ ಅದು.

“ಅಕ್ಕಾ, ಷೇರಿನ ನಷ್ಟಾನ ಸಂಬಳದಲ್ಲಿ ಕಳೆದು ಟ್ಯಾಕ್ಸ್ ಕಮ್ಮಿ ಮಾಡ್ಕೋಬೋದಾ?”

“ಯಾವ ನಷ್ಟ ಕಣೋ?”

“ಆಪ್ಷನ್ಸ್.”

“ಅದು ವ್ಯಾಪಾರದ ನಷ್ಟ. ಸಂಬಳದ ಮೇಲೆ ಕಳೆಯೋಕೆ ಬರಲ್ಲ. ಎಷ್ಟು?”

ಅವನು ಸುಮ್ಮನಾದ. “ಟ್ರೇಡ್‌ಬುಕ್ ಡೌನ್‌ಲೋಡ್ ಮಾಡಿ ಕಳಿಸು, ಈಗಲೇ” ಎಂದಳು ಅಕ್ಕ. ಬೈಯಲಿಲ್ಲ.

ಅವಳಿಗೆ ಆಪ್ಷನ್‌ನ ಒಳಹೊರಗು ತಿಳಿಯದು, ಲೆಕ್ಕದ ಪುಸ್ತಕ ಓದಲು ತಿಳಿದಿತ್ತು. ಸಂಜೆ ವಿಡಿಯೋ ಕರೆಯಲ್ಲಿ ಇಬ್ಬರೂ ಎಕ್ಸೆಲ್ ಹಾಳೆ ತೆರೆದು ಕೂತರು. ಒಟ್ಟು 120 ವಹಿವಾಟು. ಅದರಲ್ಲಿ 74 ಲಾಭದವು. “ನೋಡು, ನೂರಕ್ಕೆ ಅರವತ್ತೆರಡು ಸಲ ಗೆದ್ದಿದೀನಿ” ಎಂದ ಚೇತನ. ಅಕ್ಕ ಮುಂದಿನ ಅಂಕಣ ತೋರಿಸಿದಳು. ಗೆದ್ದಾಗ ಸರಾಸರಿ ಸಿಕ್ಕಿದ್ದು 900 ರೂಪಾಯಿ, ಸೋತ 46 ಸಲ ಸರಾಸರಿ ಹೋದದ್ದು 4,100. ಬಂದದ್ದು 66,600, ಹೋದದ್ದು 1,88,600. ಅದರ ಮೇಲೆ ಬ್ರೋಕರೇಜ್, ತೆರಿಗೆ, ಶುಲ್ಕ ಎಲ್ಲ ಸೇರಿ 9,000. ನಿವ್ವಳ ನಷ್ಟ 1,31,000.

ಶುಲ್ಕದ ಸಾಲಿನ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅಗ್ಗದ ಆಪ್ಷನ್ ಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಆಗ ಹತ್ತು ರೂಪಾಯಿಯ ಒಂದು ಲಾಟ್ ಎಂದರೆ 750 ರೂಪಾಯಿ. ಕೊಳ್ಳಲು ಇಪ್ಪತ್ತು, ಮಾರಲು ಇಪ್ಪತ್ತು ಬ್ರೋಕರೇಜ್. ಅದಕ್ಕೆ ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ, ಮಾರುವಾಗಿನ ವಹಿವಾಟು ತೆರಿಗೆ ಸೇರಿದರೆ ಹತ್ತಿರ ಹತ್ತಿರ 49 ರೂಪಾಯಿ. ಅಂದರೆ ಪ್ರೀಮಿಯಂ 65 ಪೈಸೆ ಏರಿದ ಮೇಲೇ ಅಸಲು. ಲಾಟ್ ಹೆಚ್ಚಾದಂತೆ ಬ್ರೋಕರೇಜ್‌ನ ಪಾಲು ತಗ್ಗುತ್ತದೆ, ಆದ್ದರಿಂದ ಸಣ್ಣ ಹಣದವನಿಗೇ ಇದರ ಹೊಡೆತ ಜಾಸ್ತಿ.

ಚೇತನ ಲ್ಯಾಪ್‌ಟಾಪ್‌ನಲ್ಲಿ ಎರಡು ಸಾಲು ಬರೆದ:

```python
gain, loss = 900, 4100
print(loss / (gain + loss))   # 0.82
```

ಗೆದ್ದಾಗ 900, ಸೋತಾಗ 4,100 ಎಂಬ ಅಳತೆಯಲ್ಲಿ ಆಡುವವನು ಶುಲ್ಕ ಬಿಟ್ಟು ಅಸಲಿಗೆ ಬರಬೇಕಾದರೇ ನೂರಕ್ಕೆ 82 ಸಲ ಗೆಲ್ಲಬೇಕು. ಅವನು 62 ಸಲ ಗೆದ್ದಿದ್ದ. ಲಾಭ ಕಂಡ ಕೂಡಲೇ ಅದು ಕೈತಪ್ಪೀತೆಂದು ಮಾರುತ್ತಿದ್ದ, ನಷ್ಟ ಕಂಡರೆ ತಿರುಗೀತೆಂದು ಕಾಯುತ್ತಿದ್ದ. ಇಡೀ ಹಾಳೆಯಲ್ಲಿ ಇದು ಅಚ್ಚೊತ್ತಿದಂತೆ ಕಾಣುತ್ತಿತ್ತು.

“ದೊಡ್ಡ ಕಂಪನಿಗಳು ಮ್ಯಾನಿಪ್ಯುಲೇಟ್ ಮಾಡ್ತಾವೆ ಅಕ್ಕಾ” ಎಂದ ಅವನು. ಮಾತು ಪೂರ್ತಿ ಆಧಾರವಿಲ್ಲದ್ದಲ್ಲ. ಅಮೆರಿಕದ ಜೇನ್ ಸ್ಟ್ರೀಟ್ ಸಮೂಹ ಎಕ್ಸ್‌ಪೈರಿಯ ದಿನಗಳಲ್ಲಿ ಸೂಚ್ಯಂಕವನ್ನು ಎಳೆದಾಡಿತೆಂದು ಆರೋಪಿಸಿ ಸೆಬಿ 2025ರ ಜುಲೈ 3ರಂದು ಮಧ್ಯಂತರ ಆದೇಶ ಹೊರಡಿಸಿತ್ತು, 4,843 ಕೋಟಿ ರೂಪಾಯಿ ತಡೆಹಿಡಿಯಲು ಹೇಳಿತ್ತು. ಆ ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿದೆ. ಸೆಬಿಯ ಅಧ್ಯಯನದಲ್ಲೇ 2023-24ರಲ್ಲಿ ವಿದೇಶಿ ಹೂಡಿಕೆದಾರರು ಈ ವಿಭಾಗದಲ್ಲಿ ಗಳಿಸಿದ ಲಾಭದ 97 ಪಾಲು ಕಂಪ್ಯೂಟರ್ ಅಲ್ಗಾರಿದಂಗಳ ಮೂಲಕ ಬಂದದ್ದೆಂದು ಇದೆ. ಎದುರಿಗೆ ಕೂತಿರುವವರು ಯಾರು ಎಂಬುದಕ್ಕೆ ಇದು ಉತ್ತರ. ಆದರೆ ಅಕ್ಕ ಹಾಳೆಯ ಮೇಲೇ ಬೆರಳಿಟ್ಟು ಕೇಳಿದಳು: “ಸರಿ. ಇಪ್ಪತ್ತಕ್ಕೆ ಇನ್ನೂ ಹತ್ತು ಲಾಟ್ ತಗೊಂಡೋರು ಯಾರು?”

ಶಿಸ್ತು ಅಲ್ಲಿಂದ ಶುರುವಾಯಿತು, ಒಂದೇ ಸಲಕ್ಕೆ ಬರಲಿಲ್ಲ. ಮೊದಲು ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ: ದಿನಕ್ಕೆ 2,000ಕ್ಕಿಂತ ಹೆಚ್ಚು ನಷ್ಟವಿಲ್ಲ, ಆವರೇಜ್ ಇಲ್ಲ. ಎರಡನೇ ಮಂಗಳವಾರ ಹತ್ತೂ ನಲವತ್ತಕ್ಕೇ ಎರಡು ಸಾವಿರ ಹೋಯಿತು. ಒಂದೂವರೆಗೆ ಯುಪಿಐನಲ್ಲಿ ಹತ್ತು ಸಾವಿರ ಖಾತೆಗೆ ತುಂಬಿ ಮತ್ತೆ ಆಡಿದ. ಚೀಟಿ ಅಲ್ಲೇ ಅಂಟಿಕೊಂಡಿತ್ತು.

ಅವನ ಕೆಲಸದಲ್ಲಿ ಹೊಸ ಕೋಡ್ ಹೊರಬಿಡುವ ಮುನ್ನ, ಕೆಟ್ಟರೆ ಹಿಂದಕ್ಕೆ ತರುವ ದಾರಿಯನ್ನು ಮೊದಲೇ ಬರೆದಿಡುತ್ತಾರೆ. ಕೆಟ್ಟಾಗ ಯೋಚಿಸಿದರಾಯಿತು ಎನ್ನುವಂತಿಲ್ಲ, ಆ ಹೊತ್ತಿಗೆ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಅಕ್ಕನಿಗೆ ಇದನ್ನು ಹೇಳುವಾಗ ಅವನಿಗೇ ಹೊಳೆಯಿತು: ತಡೆ ಇರಬೇಕಾದದ್ದು ಮನಸ್ಸಿನಲ್ಲಿ ಅಲ್ಲ, ಕೈಗೆ ಸಿಗದ ಜಾಗದಲ್ಲಿ. ಬ್ರೋಕರ್‌ಗಳು ನೋಂದಾಯಿಸಿದ ಬ್ಯಾಂಕ್ ಖಾತೆಯಿಂದ ಬಂದ ಹಣವನ್ನಷ್ಟೇ ಸ್ವೀಕರಿಸುತ್ತಾರೆ. ಅವನದು ಸಂಬಳದ ಖಾತೆಗೇ ಜೋಡಣೆಯಾಗಿತ್ತು. ಹಳೆಯ ಕಾಲೇಜು ದಿನಗಳ ಇನ್ನೊಂದು ಖಾತೆಯನ್ನು ನೋಂದಾಯಿಸಿ, ಸಂಬಳದ ಖಾತೆಯನ್ನು ತೆಗೆಸಿದ. ಆ ಖಾತೆಯಲ್ಲಿ ತಿಂಗಳಿಗೆ ಮಿತಿಯ ಹಣ ಇಟ್ಟು ಅದರ ಯುಪಿಐಯನ್ನು ಫೋನ್‌ನಿಂದ ಅಳಿಸಿದ. ಆಪ್‌ನಲ್ಲಿದ್ದ ‘ಕಿಲ್ ಸ್ವಿಚ್’ ಕಂಡುಕೊಂಡ. ಕೆಲವು ಬ್ರೋಕರ್‌ಗಳ ಆಪ್‌ನಲ್ಲಿರುವ ಈ ಗುಂಡಿ ಒತ್ತಿದರೆ ಆ ವಿಭಾಗದ ವಹಿವಾಟು ಕೆಲವು ಗಂಟೆ ಮತ್ತೆ ತೆರೆಯುವುದಿಲ್ಲ. ದಿನದ ಮಿತಿ ಮುಟ್ಟಿದೊಡನೆ ಅದನ್ನು ಒತ್ತುವುದನ್ನು ರೂಢಿ ಮಾಡಿಕೊಂಡ.

ಸ್ಟಾಪ್ ಲಾಸ್ ಇಡಲು ಹೋದಾಗ ಇನ್ನೊಂದು ಪಾಠ ಸಿಕ್ಕಿತು. ಆಪ್ಷನ್‌ಗಳಲ್ಲಿ, ಬೆಲೆ ಮುಟ್ಟಿದ ಕೂಡಲೇ ಸಿಕ್ಕ ದರಕ್ಕೆ ಮಾರಿಬಿಡುವ ಸ್ಟಾಪ್ ಲಾಸ್ ಆರ್ಡರನ್ನು ಎನ್‌ಎಸ್‌ಇ 2021ರಲ್ಲೇ ನಿಲ್ಲಿಸಿದೆ. ಈಗಿರುವುದು ಕನಿಷ್ಠ ಬೆಲೆಯನ್ನೂ ಸೂಚಿಸಬೇಕಾದ ಆರ್ಡರ್. 14ಕ್ಕೆ ಬಂದರೆ ಮಾರು, 13ಕ್ಕಿಂತ ಕಡಿಮೆಗೆ ಬೇಡ ಎಂದು ಹೇಳಿಟ್ಟರೆ, ಎಕ್ಸ್‌ಪೈರಿಯ ಮಧ್ಯಾಹ್ನ ಪ್ರೀಮಿಯಂ 15ರಿಂದ ನೇರವಾಗಿ 9ಕ್ಕೆ ಹಾರಿ ಆರ್ಡರ್ ಹಾಗೇ ನಿಂತುಬಿಡಬಹುದು. ಎರಡು ಬೆಲೆಗಳ ನಡುವೆ ಸಾಕಷ್ಟು ಅಂತರ ಬಿಡಬೇಕು, ಆ ಅಂತರವನ್ನೂ ನಷ್ಟವೆಂದೇ ಮೊದಲೇ ಎಣಿಸಿಕೊಳ್ಳಬೇಕು.

ಆರು ವಾರ ಅವನು ಒಂದು ನಿಯಮವನ್ನೂ ಮುರಿಯಲಿಲ್ಲ. ದೊಡ್ಡ ನಷ್ಟ ಒಂದೂ ಆಗಲಿಲ್ಲ. ರಾತ್ರಿ ನಿದ್ದೆ ಬಂತು. ಆದರೂ ಪ್ರತಿ ವಾರ ಹಣ ಸ್ವಲ್ಪ ಸ್ವಲ್ಪವೇ ಕರಗುತ್ತಲೇ ಇತ್ತು.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ ಇದು. ‘ಶಿಸ್ತಿದ್ದರೆ ಗೆಲ್ಲಬಹುದು’ ಎಂದು ಕೋರ್ಸ್ ಮಾರುವವರು ಹೇಳುತ್ತಾರೆ, ಚೇತನನೂ ಅದನ್ನು ನಂಬಿದ್ದ. ಅವನು ದುಡ್ಡು ಕೊಟ್ಟು, ತಾನು ಆಡಿದ ಆಪ್ಷನ್‌ಗಳ ನಿಮಿಷ ನಿಮಿಷದ ಬೆಲೆಯ ದಾಖಲೆ ತರಿಸಿದ. ಹಳೆಯ 120 ವಹಿವಾಟುಗಳನ್ನೂ ಸಾವಿರ ರೂಪಾಯಿ ನಷ್ಟಕ್ಕೆ ಹೊರಬರುವ ನಿಯಮದಡಿ ಮತ್ತೆ ಓಡಿಸಿದ. ಆರ್ಡರ್ ಜಾರುವ ಲೆಕ್ಕ ಸೇರಿಸಿದಾಗ ಸರಾಸರಿ ನಷ್ಟ 4,100ರಿಂದ 1,150ಕ್ಕೆ ಬಂತು. ಆದರೆ ಗೆಲುವುಗಳು 74 ಉಳಿಯಲಿಲ್ಲ, 49ಕ್ಕೆ ಇಳಿದವು. ಅವನು ಗೆದ್ದ ಎಷ್ಟೋ ವಹಿವಾಟುಗಳು ಮೊದಲು ಆಳಕ್ಕೆ ಮುಳುಗಿ ಆಮೇಲೆ ಎದ್ದವು. ಸ್ಟಾಪ್ ಲಾಸ್ ಇದ್ದಿದ್ದರೆ ಅವು ಮುಳುಗಿದಾಗಲೇ ಮಾರಿಹೋಗುತ್ತಿದ್ದವು. ಬಂದದ್ದು 44,100, ಹೋದದ್ದು 81,650, ಶುಲ್ಕ 9,000. ನಿವ್ವಳ ನಷ್ಟ 46,550. ಶಿಸ್ತು ನಷ್ಟವನ್ನು ಮೂರರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಸಿತ್ತು, ಲಾಭವನ್ನು ಮಾತ್ರ ತಂದಿರಲಿಲ್ಲ. ಯಾವಾಗ ಕೊಳ್ಳಬೇಕೆಂಬ ಅವನ ಅಂದಾಜಿನಲ್ಲಿ ಪೇಟೆಗಿಂತ ಹೆಚ್ಚಿನ ತಿಳಿವಳಿಕೆ ಏನೂ ಇರಲಿಲ್ಲ. ಅವನ ಹುಚ್ಚಾಟದ ಗದ್ದಲ ನಿಂತ ಮೇಲಷ್ಟೇ ಅದು ಅಂಕಿಯಲ್ಲಿ ಕಾಣಿಸಿತು.

ಹಾಗಾದರೆ ಮಾರುವವನ ಕಡೆ ಹೋದರೆ ಹೇಗೆ ಎಂದು ಒಂದು ದಿನ ಯೋಚಿಸಿದ. ಸಮಯ ಕರಗಿದಷ್ಟೂ ಮಾರಿದವನಿಗೆ ಲಾಭವಲ್ಲವೇ? ಆದರೆ ಮಾರಿದವನ ನಷ್ಟಕ್ಕೆ ಮಿತಿ ಇರುವುದಿಲ್ಲ. ಸೆಬಿ 2024ರ ನವೆಂಬರ್‌ನಿಂದ ಒಂದು ಕಾಂಟ್ರ್ಯಾಕ್ಟ್‌ನ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಿ, ಎಕ್ಸ್‌ಪೈರಿಯ ದಿನ ಮಾರುವವರ ಮೇಲೆ ಶೇ 2ರಷ್ಟು ಹೆಚ್ಚುವರಿ ಮಾರ್ಜಿನ್ ಹಾಕಿದ್ದು ಇದೇ ಅಪಾಯಕ್ಕಾಗಿ. ಒಂದು ಲಾಟ್ ಮಾರಲು ಬೇಕಾದ ಮಾರ್ಜಿನ್ ನೋಡಿ, ತನ್ನ ಉಳಿತಾಯದ ಬಹುಪಾಲು ಒಂದೇ ಪಣಕ್ಕೆ ಹೋಗುತ್ತದೆಂದು ಅವನು ಆ ಪುಟ ಮುಚ್ಚಿದ.

ಫೆಬ್ರವರಿಯಲ್ಲಿ ಬ್ರೋಕರ್‌ನ ಆಪ್‌ನಲ್ಲಿ ಫ್ಯೂಚರ್ಸ್ ಆಪ್ಷನ್ಸ್ ವಿಭಾಗವನ್ನೇ ನಿಷ್ಕ್ರಿಯಗೊಳಿಸಿ ಅಕ್ಕನಿಗೆ ಸ್ಕ್ರೀನ್‌ಶಾಟ್ ಕಳಿಸಿದ. ಅವಳು ತಕ್ಷಣ ಫೋನ್ ಮಾಡಿದಳು.

“ಒಳ್ಳೇದಾಯ್ತು. ಈಗ ಕೇಳು. ಈ ವರ್ಷ ನೀನು ಹಾಕ್ತಿದ್ದ ಸಂಬಳದ ರಿಟರ್ನ್ ಫಾರ್ಮ್ ನಡೆಯಲ್ಲ, ಐಟಿಆರ್-3 ಹಾಕ್ಬೇಕು. ಕೊನೇ ದಿನಾಂಕದೊಳಗೆ ಹಾಕಿದ್ರೆ ಮಾತ್ರ ನಷ್ಟಾನ ಮುಂದಿನ ಎಂಟು ವರ್ಷಕ್ಕೆ ಒಯ್ಯೋಕೆ ಬಿಡ್ತಾರೆ.”

“ಒಯ್ದು ಏನು ಮಾಡೋದಕ್ಕಾ? ಸಂಬಳದಲ್ಲಿ ಕಳೆಯೋಕಾಗಲ್ಲ ಅಂದ್ಯಲ್ಲ.”

“ಮುಂದೆ ನೀನೇ ಏನಾದ್ರೂ ವ್ಯಾಪಾರ ಶುರು ಮಾಡಿ ಲಾಭ ಬಂದ್ರೆ ಅದರಲ್ಲಿ ಕಳೀಬೋದು. ಟ್ರೇಡ್‌ಬುಕ್, ಕಾಂಟ್ರ್ಯಾಕ್ಟ್ ನೋಟು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಒಂದು ಫೋಲ್ಡರ್‌ಗೆ ಹಾಕಿ ಏಪ್ರಿಲ್‌ನಲ್ಲೇ ಕಳಿಸು. ಜುಲೈ ತನಕ ಕಾಯ್ಬೇಡ.”

ಅವನು ಏಪ್ರಿಲ್ ಮೊದಲ ವಾರವೇ ಕಳಿಸಿದ.